ಎರಡರ ಜಾಗದಲ್ಲಿ ನಾಲ್ಕು ಹಾಕಿ ನೋಡಿ

ಹತ್ತನೇ ತರಗತಿಯ ಗಣಿತದಲ್ಲಿ ಮಕ್ಕಳು ಉರು ಹೊಡೆದೇ ತೀರುವ ಸಾಧನೆಯೊಂದಿದೆ. √2 ಅಭಾಗಲಬ್ಧ ಸಂಖ್ಯೆ, ಅಂದರೆ ಅದನ್ನು ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲು ಬರುವುದೇ ಇಲ್ಲ ಎಂದು ತೋರಿಸಿಕೊಡುವುದು. ಎಂಟು ಹತ್ತು ಸಾಲು, ಸಾಲು ತಪ್ಪದೆ ಬರೆದರೆ ಪೂರ್ತಿ ಅಂಕ. ಇದೇ ಸಾಧನೆಯನ್ನು ಕಾಲೇಜಿನ ಸೆಮಿನಾರಿನಲ್ಲಿ ಬೋರ್ಡಿನ ಮುಂದೆ ನಿಂತು ಹೇಳಿಸಿದರೆ ಹುಡುಗರು ಗಡಿಬಿಡಿಯಿಲ್ಲದೆ ಹೇಳಿ ಮುಗಿಸುತ್ತಾರೆ. ಕೊನೆಗೆ ‘ಯಾರಿಗಾದರೂ ಡೌಟ್ ಇದೆಯಾ?’ ಅನ್ನುತ್ತಾರೆ. ಯಾರಿಗೂ ಇರುವುದಿಲ್ಲ. ಚಪ್ಪಾಳೆ ಬೀಳುತ್ತದೆ.

ಡೌಟ್ ಇಲ್ಲದಿರುವುದಕ್ಕೆ ಸಾಧನೆ ಸುಲಭವಾಗಿರುವುದು ಕಾರಣವಲ್ಲ. ಎಲ್ಲಿ ಕೈಯಿಟ್ಟು ಕೇಳಬೇಕು ಅನ್ನುವುದು ಕೂತವರಿಗೆ ಹೊಳೆಯುವುದಿಲ್ಲ, ಅಷ್ಟೇ. ಸಾಧನೆಯೊಂದನ್ನು ಕೇಳುವಾಗ ಕೇಳಬೇಕಾದದ್ದು ಮುಖ್ಯವಾಗಿ ಎರಡು. ಈ ಸಾಲಿನಿಂದ ಮುಂದಿನ ಸಾಲು ಯಾಕೆ ಬಂತು? ಆರಂಭದಲ್ಲಿ ಇಟ್ಟುಕೊಂಡ ಷರತ್ತನ್ನು ಯಾವ ಸಾಲಿನಲ್ಲಿ ಬಳಸಿದಿರಿ? ಈ ಎರಡನ್ನೇ ಹಿಡಿದು ಹೊರಟರೆ ಹತ್ತನೇ ತರಗತಿಯ ಹತ್ತು ಸಾಲಿನಿಂದ 1847ರ ಪ್ಯಾರಿಸ್ಸಿನ ಸಭೆಯವರೆಗೆ ಹೋಗಬಹುದು. ಹೋಗೋಣ.

ಮೊದಲು ಆ ಸಾಲುಗಳನ್ನು ಬೋರ್ಡಿನ ಮೇಲೆ ಬರೆದುಕೊಳ್ಳೋಣ. √2 ಭಾಗಲಬ್ಧ ಅಂತಲೇ ಇಟ್ಟುಕೊಳ್ಳಿ. ಹಾಗಿದ್ದರೆ √2 = p/q. ಇಲ್ಲಿ p ಮತ್ತು q ಪೂರ್ಣಾಂಕಗಳು, q ಸೊನ್ನೆಯಲ್ಲ, ಎರಡಕ್ಕೂ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಪಠ್ಯದ ಮಾತಿನಲ್ಲಿ ಅವು ಸಹ ಅವಿಭಾಜ್ಯಗಳು. ಎರಡೂ ಕಡೆ ವರ್ಗ ಮಾಡಿ q²ನಿಂದ ಗುಣಿಸಿದರೆ p² = 2q². ಆದ್ದರಿಂದ p²ನ್ನು 2 ಭಾಗಿಸುತ್ತದೆ. ಆದ್ದರಿಂದ pಯನ್ನೂ 2 ಭಾಗಿಸುತ್ತದೆ. p = 2m ಎಂದಿಟ್ಟರೆ 4m² = 2q², ಅಂದರೆ q² = 2m². ಹಾಗಾಗಿ qವನ್ನೂ 2 ಭಾಗಿಸುತ್ತದೆ. p, q ಎರಡಕ್ಕೂ 2 ಸಾಮಾನ್ಯ ಅಪವರ್ತನವಾಯಿತು. ಇದು ಮೊದಲು ಹೇಳಿದ್ದಕ್ಕೆ ವಿರುದ್ಧ. ಆದ್ದರಿಂದ ನಮ್ಮ ಊಹೆ ತಪ್ಪು, √2 ಅಭಾಗಲಬ್ಧ.

ಈಗ ಕೊನೆಯ ಸಾಲಿನಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ‘ನಮ್ಮ ಊಹೆ ತಪ್ಪು’ ಅಂದಿರಲ್ಲ, ಯಾವ ಊಹೆ? ಇಲ್ಲಿ ಇಟ್ಟುಕೊಂಡದ್ದು ಎರಡು. √2 ಭಾಗಲಬ್ಧ ಅನ್ನುವುದು ಒಂದು, p ಮತ್ತು q ಸಹ ಅವಿಭಾಜ್ಯ ಅನ್ನುವುದು ಇನ್ನೊಂದು. ಮುರಿದದ್ದು ಎದುರಿಗೇ ಕಾಣುವ ಹಾಗೆ ಎರಡನೆಯದು. ಹಾಗಿದ್ದ ಮೇಲೆ ತಪ್ಪನ್ನು ಮೊದಲನೆಯದರ ತಲೆಗೆ ಯಾಕೆ ಕಟ್ಟುತ್ತೀರಿ? ‘√2 ಭಾಗಲಬ್ಧವೇ, ಆದರೆ p ಮತ್ತು q ಸಹ ಅವಿಭಾಜ್ಯವಲ್ಲ’ ಎಂದು ಯಾರಾದರೂ ಹಟ ಹಿಡಿದರೆ ಏನು ಹೇಳುತ್ತೀರಿ?

ಸಾಧನೆಯನ್ನು ಬಾಯಿಪಾಠ ಮಾಡಿದವರು ಸಾಮಾನ್ಯವಾಗಿ ಇಲ್ಲಿ ನಿಂತುಬಿಡುತ್ತಾರೆ. ಉತ್ತರ ಕಷ್ಟದ್ದೇನಲ್ಲ. ಎರಡನೆಯದು ಸ್ವತಂತ್ರವಾದ ಊಹೆಯಲ್ಲ, ಮೊದಲನೆಯದನ್ನು ಒಪ್ಪಿದರೆ ತಾನಾಗಿಯೇ ಸಿಗುವ ಸೌಲಭ್ಯ. ಒಂದು ಸಂಖ್ಯೆಯನ್ನು ಭಿನ್ನರಾಶಿಯಾಗಿ ಬರೆಯಲು ಬರುವುದಾದರೆ ಅದರ ಸಂಕ್ಷಿಪ್ತ ರೂಪವೂ ಇದ್ದೇ ಇರುತ್ತದೆ. 30/42 ಇದ್ದರೆ 5/7 ಇರುತ್ತದೆ. ಆ ಸಂಕ್ಷಿಪ್ತ ರೂಪವನ್ನೇ p/q ಎಂದು ಆರಿಸಿಕೊಂಡಿದ್ದೇವೆ. ಮೊದಲನೆಯದು ನಿಜವಾಗಿದ್ದರೆ ಎರಡನೆಯದೂ ನಿಜವಾಗಲೇಬೇಕು, ಎರಡನೆಯದು ನಿಲ್ಲಲಿಲ್ಲ, ಆದ್ದರಿಂದ ಮೊದಲನೆಯದೂ ನಿಲ್ಲದು. ಈ ಒಂದು ವಾಕ್ಯವನ್ನು ಬಿಟ್ಟರೆ ಸಾಧನೆ ಪೂರ್ತಿಯಲ್ಲ. ಆದರೂ ಉತ್ತರಪತ್ರಿಕೆಗಳಲ್ಲಿ ಅದು ಕಾಣುವುದು ಅಪರೂಪ.

ಆ ಷರತ್ತನ್ನು ತೆಗೆದೇಬಿಟ್ಟರೆ ಏನಾಗುತ್ತದೆ ಎಂದು ಕೇಳುವುದು ಇನ್ನೂ ಒಳ್ಳೆಯ ಪ್ರಶ್ನೆ. p ಮತ್ತು q ಯಾವುದೋ ಎರಡು ಧನ ಪೂರ್ಣಾಂಕಗಳು, ಅಷ್ಟೇ ಅನ್ನಿ. ಪ್ರತಿಯೊಂದು ಸಾಲೂ ಹಾಗೆಯೇ ನಡೆಯುತ್ತದೆ. ಕೊನೆಗೆ ಎರಡೂ ಸಮಸಂಖ್ಯೆಗಳು ಎಂದು ಬರುತ್ತದೆ, ಆದರೆ ಅದರಲ್ಲಿ ಯಾವ ವಿರೋಧವೂ ಇಲ್ಲ. ಎರಡನ್ನೂ ಅರ್ಧ ಮಾಡಿ. ಆ ಅರ್ಧಗಳ ಭಿನ್ನರಾಶಿಯೂ √2ವೇ, ಆದ್ದರಿಂದ ಅವೂ ಸಮ. ಮತ್ತೆ ಅರ್ಧ ಮಾಡಿ, ಮತ್ತೆ ಸಮ. ಹೀಗೆ ಕೊನೆಯೇ ಇಲ್ಲದೆ ಅರ್ಧ ಮಾಡುತ್ತಲೇ ಇರಬೇಕಾಗುತ್ತದೆ. ಪೂರ್ಣಾಂಕಗಳಲ್ಲಿ ಅದು ಆಗದ ಮಾತು: 1000 ಎಂದು ಹೊರಟರೆ 500, 250, 125, ಅಲ್ಲಿಗೆ ಮುಗಿಯಿತು. ಅಂದರೆ ಷರತ್ತನ್ನು ತೆಗೆದರೂ ಸಾಧನೆ ಸಾಯಲಿಲ್ಲ, ಅದರ ಕೆಲಸವನ್ನು ಬೇರೊಂದು ಮಾತು ವಹಿಸಿಕೊಂಡಿತು. ಧನ ಪೂರ್ಣಾಂಕಗಳನ್ನು ಕೊನೆಯಿಲ್ಲದೆ ಇಳಿಸುತ್ತ ಹೋಗಲು ಆಗದು ಅನ್ನುವ ಆ ಮಾತು ಮೊದಲ ರೂಪದಲ್ಲೂ ಇತ್ತು. ಭಿನ್ನರಾಶಿಯನ್ನು ಸಂಕ್ಷೇಪಿಸುವ ಕೆಲಸ ಎಲ್ಲೋ ಒಂದು ಕಡೆ ಮುಗಿಯುತ್ತದೆ ಎಂದು ನಂಬಿದ್ದು ಅದರ ಬಲದಿಂದಲೇ.

q ಸೊನ್ನೆಯಲ್ಲ ಅನ್ನುವ ಷರತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಬೇಕಾದದ್ದು p/q ಎಂದು ಬರೆಯುವ ಜಾಗದಲ್ಲೇ, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಈ ಸಾಧನೆಯ ನಿಜವಾದ ಗಂಟು ನಡುವಿನಲ್ಲಿದೆ: ‘p²ನ್ನು 2 ಭಾಗಿಸುತ್ತದೆ, ಆದ್ದರಿಂದ pಯನ್ನೂ 2 ಭಾಗಿಸುತ್ತದೆ.’ ಹೇಳುವವರು ಇದನ್ನು ಉಸಿರು ಬಿಡದೆ ದಾಟುತ್ತಾರೆ, ಕೇಳುವವರಿಗೂ ಸಹಜವೆನ್ನಿಸುತ್ತದೆ. ಇದು ಸಹಜವೋ ಅಲ್ಲವೋ ತಿಳಿಯಲು ನೇರವಾದ ಉಪಾಯವೊಂದಿದೆ. ಎರಡರ ಜಾಗದಲ್ಲೆಲ್ಲ ನಾಲ್ಕು ಬರೆಯಿರಿ. √4 = p/q, p² = 4q², p²ನ್ನು 4 ಭಾಗಿಸುತ್ತದೆ, ಆದ್ದರಿಂದ pಯನ್ನೂ 4 ಭಾಗಿಸುತ್ತದೆ, p = 4m, q² = 4m², ಆದ್ದರಿಂದ qವನ್ನೂ 4 ಭಾಗಿಸುತ್ತದೆ, ವಿರೋಧ, √4 ಅಭಾಗಲಬ್ಧ! ಆದರೆ √4 ಅಂದರೆ 2 ಅಲ್ಲವೇ? ಎಲ್ಲೋ ಒಂದು ಸಾಲು ಸುಳ್ಳು ಹೇಳಿದೆ. √2ಕ್ಕೆ ಸತ್ಯವಾಗಿ √4ಕ್ಕೆ ಸುಳ್ಳಾಗುವ ಸಾಲು ಯಾವುದು? ಅದು ಸಿಕ್ಕರೆ √2ರ ಸಾಧನೆಯ ಜೀವ ಎಲ್ಲಿದೆ ಎಂದು ಸಿಕ್ಕ ಹಾಗೆ.

ಸುಳ್ಳು ಹೇಳಿದ್ದು ಆ ನಡುವಿನ ಸಾಲೇ. p = 2 ಎಂದು ತೆಗೆದುಕೊಳ್ಳಿ. p² ಅಂದರೆ 4, ಅದನ್ನು 4 ಭಾಗಿಸುತ್ತದೆ. ಆದರೆ 2ನ್ನು 4 ಭಾಗಿಸುವುದಿಲ್ಲ. ಉಳಿದ ಸಾಲುಗಳಲ್ಲಿ ದೋಷವಿಲ್ಲ.

ಎರಡಕ್ಕೆ ಅದು ಯಾಕೆ ನಿಜ? ಬೆಸ ಸಂಖ್ಯೆಯ ವರ್ಗ ಬೆಸವೇ ಆಗಿರುತ್ತದೆ: (2k+1)² ಬಿಡಿಸಿದರೆ 4k²+4k+1, ಕೊನೆಯಲ್ಲಿ ಆ ಒಂದು ಉಳಿದೇ ಉಳಿಯುತ್ತದೆ. ಹಾಗಾಗಿ ವರ್ಗ ಸಮವಾದರೆ ಮೂಲವೂ ಸಮ. ಮೂರಕ್ಕೆ? ಮೂರರಿಂದ ಭಾಗಿಸಿದಾಗ ಶೇಷ 1 ಅಥವಾ 2 ಇರುವ ಸಂಖ್ಯೆಗಳ ವರ್ಗ ತೆಗೆಯಿರಿ. ವರ್ಗದ ಶೇಷ ಎರಡರಲ್ಲೂ 1, ಸೊನ್ನೆ ಎಂದೂ ಬರದು. ನಾಲ್ಕಕ್ಕೆ ಶೇಷಗಳು 1, 2, 3. ವರ್ಗದ ಶೇಷಗಳು 1, 0, 1. ನಡುವಿನ ಆ ಸೊನ್ನೆಯಲ್ಲೇ ಸಾಧನೆ ಸೋರಿಹೋಗುವುದು.

ಇಷ್ಟು ಹೊತ್ತಿಗೆ ಬೋರ್ಡಿನ ಮುಂದೆ ನಿಂತವರು ಸಾಮಾನ್ಯವಾಗಿ ಹೇಳುವ ಮಾತು: ‘ಸರ್, 2 ಅವಿಭಾಜ್ಯ ಸಂಖ್ಯೆ, 4 ಅಲ್ಲ. ಅದಕ್ಕೇ.’ ಒಳ್ಳೆಯ ಉತ್ತರ, ಆದರೆ ಅಲ್ಲಿಗೆ ಬಿಡಬಾರದು. 6 ಕೂಡ ಅವಿಭಾಜ್ಯವಲ್ಲ. ಆರಕ್ಕೆ ಪರೀಕ್ಷೆ ಮಾಡಿ ನೋಡಿದರೆ ಶೇಷ 1, 2, 3, 4, 5. ವರ್ಗಗಳ ಶೇಷ 1, 4, 3, 4, 1. ಸೊನ್ನೆ ಇಲ್ಲವೇ ಇಲ್ಲ! √6ಕ್ಕೆ ಇದೇ ಸಾಧನೆ ಒಂದಕ್ಷರ ಬದಲಾಗದೆ ನಡೆಯುತ್ತದೆ. ಅಂದರೆ ‘ಅವಿಭಾಜ್ಯ’ ಎಂಬ ಷರತ್ತು ಸಾಕು, ಆದರೆ ಬೇಕೇ ಬೇಕು ಅಂತಿಲ್ಲ. ನಿಜವಾಗಿ ಬಳಕೆಯಾಗುತ್ತಿರುವುದು ಇನ್ನೂ ಕಡಿಮೆಯದು: ಆ ಸಂಖ್ಯೆಯೊಳಗೆ 4, 9, 25ರಂಥ ವರ್ಗಸಂಖ್ಯೆ ಅಪವರ್ತನವಾಗಿ ಅಡಗಿರಬಾರದು, ಅಷ್ಟೇ. ಹೇಳುವವರು ಇಟ್ಟುಕೊಂಡ ಷರತ್ತಿಗೂ ಸಾಧನೆ ನಿಜವಾಗಿ ಖರ್ಚು ಮಾಡಿದ ಷರತ್ತಿಗೂ ಹೀಗೆ ಅಂತರವಿದ್ದಾಗ, ಪ್ರಮೇಯವನ್ನು ಹೇಳಿದ್ದಕ್ಕಿಂತ ದೊಡ್ಡದಾಗಿ ಹೇಳಬಹುದಿತ್ತು ಎಂದು ಅರ್ಥ.

ಎಂಟನ್ನೂ ಒಮ್ಮೆ ನೋಡಿಬಿಡಿ. 4ರ ವರ್ಗ 16, ಅದನ್ನು 8 ಭಾಗಿಸುತ್ತದೆ. ಆದರೆ 4ನ್ನು 8 ಭಾಗಿಸುವುದಿಲ್ಲ. ಸಾಧನೆ ಇಲ್ಲಿಯೂ ಸೋರಿತು. ಹಾಗಾದರೆ √8 ಭಾಗಲಬ್ಧವೇ? ಅಲ್ಲ. √8 ಅಂದರೆ √2ರ ಎರಡರಷ್ಟು, ಅದೂ ಅಭಾಗಲಬ್ಧವೇ. ಹನ್ನೆರಡರ ಕಥೆಯೂ ಇದೇ: 36ನ್ನು 12 ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ, ಆದರೂ √12 ಅಭಾಗಲಬ್ಧ. ನಾಲ್ಕರಲ್ಲಿ ಸಾಧನೆಯೂ ಬಿತ್ತು, ಹೇಳಿಕೆಯೂ ಸುಳ್ಳು. ಎಂಟರಲ್ಲಿ ಸಾಧನೆ ಬಿತ್ತು, ಹೇಳಿಕೆ ಮಾತ್ರ ನಿಜವಾಗಿಯೇ ಉಳಿಯಿತು. ಪ್ರಶ್ನೆ ಕೇಳುವವರು ಈ ಎರಡನ್ನು ಬೆರೆಸಬಾರದು. ‘ನಿಮ್ಮ ಆರನೇ ಸಾಲು ನಿಲ್ಲುವುದಿಲ್ಲ’ ಅನ್ನುವುದು ಒಂದು ಆಕ್ಷೇಪ, ‘ನಿಮ್ಮ ಪ್ರಮೇಯವೇ ತಪ್ಪು’ ಅನ್ನುವುದು ಬೇರೆಯೇ ಆಕ್ಷೇಪ. ಮೊದಲನೆಯದಕ್ಕೆ ಆ ಸಾಲನ್ನು ಬೀಳಿಸುವ ಒಂದು ಉದಾಹರಣೆ ಸಾಕು. ಎರಡನೆಯದಕ್ಕೆ ಪ್ರಮೇಯವನ್ನೇ ಬೀಳಿಸುವ ಉದಾಹರಣೆ ಬೇಕು.

ಶೇಷಗಳನ್ನು ಒಂದೊಂದಾಗಿ ನೋಡುವುದು ಸಣ್ಣ ಸಂಖ್ಯೆಗಳಿಗೆ ಸರಿ. ಯಾವುದೇ ಅವಿಭಾಜ್ಯ ಸಂಖ್ಯೆ a²ನ್ನು ಭಾಗಿಸಿದರೆ aಯನ್ನೂ ಭಾಗಿಸುತ್ತದೆ ಎಂದು ಒಟ್ಟಾಗಿ ಹೇಳಬೇಕಾದರೆ ಏನು ಆಧಾರ? ಶಾಲೆಯಲ್ಲಿ ಕೊಡುವ ಆಧಾರ ಅಂಕಗಣಿತದ ಮೂಲಭೂತ ಪ್ರಮೇಯ. 1ಕ್ಕಿಂತ ದೊಡ್ಡದಾದ ಪ್ರತಿಯೊಂದು ಪೂರ್ಣಾಂಕವನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಅಪವರ್ತನಗಳ ಕ್ರಮ ಹಿಂದುಮುಂದಾದೀತು, ಅಷ್ಟೇ. 60 ಅಂದರೆ 2×2×3×5, ಬೇರೆ ದಾರಿಯಿಲ್ಲ. ಹಾಗಾಗಿ a²ನ ಅವಿಭಾಜ್ಯ ಅಪವರ್ತನಗಳು aಯವೇ, ಒಂದೊಂದೂ ಎರಡೆರಡು ಸಲ. a²ನಲ್ಲಿ 7 ಇದ್ದರೆ ಅದು aಯಿಂದಲೇ ಬಂದಿರಬೇಕು.

ಇಲ್ಲಿ ಕೈ ಎತ್ತಿ ಕೇಳಬೇಕಾದದ್ದು: ‘ಒಂದೇ ಒಂದು ರೀತಿಯಲ್ಲಿ’ ಎಂಬ ಮಾತನ್ನು ಎಲ್ಲಿ ಬಳಸಿದಿರಿ? ಬಳಸಿದ್ದು ಕೊನೆಯ ವಾಕ್ಯದಲ್ಲಿ. a²ನ್ನು ಬಿಡಿಸಲು ಬೇರೊಂದು ದಾರಿಯೂ ಇದ್ದಿದ್ದರೆ, ಆ ದಾರಿಯಲ್ಲಿ aಯಲ್ಲಿ ಇಲ್ಲದ 7 ಕಾಣಿಸಿಕೊಳ್ಳಬಹುದಿತ್ತು. ಹುಡುಗರು ನಗುತ್ತಾರೆ. ಒಂದು ಸಂಖ್ಯೆ ಎರಡು ರೀತಿ ಬಿಡಿಸಿಕೊಳ್ಳುವುದು ಉಂಟೇ? ಚಿಕ್ಕಂದಿನಿಂದ ಅಪವರ್ತನ ಮಾಡುತ್ತ ಬಂದವರಿಗೆ ಅದು ಷರತ್ತು ಅಂತಲೇ ಅನ್ನಿಸುವುದಿಲ್ಲ.

ಅದು ಮುರಿಯುವ ಜಾಗವೊಂದನ್ನು ತೋರಿಸಬೇಕು. ಡೇವಿಡ್ ಹಿಲ್ಬರ್ಟ್ ಹೆಸರಿನಿಂದ ಕರೆಯುವ ಸಂಖ್ಯೆಗಳಿವೆ: 1, 5, 9, 13, 17, 21, 25, ಹೀಗೆ ನಾಲ್ಕರಿಂದ ಭಾಗಿಸಿದರೆ ಶೇಷ 1 ಬರುವಂಥವು. ಲೋಕದಲ್ಲಿ ಇವಿಷ್ಟೇ ಸಂಖ್ಯೆಗಳಿವೆ, 2, 3, 7 ಯಾವುದೂ ಇಲ್ಲ ಎಂದುಕೊಳ್ಳಿ. ಇವುಗಳಲ್ಲಿ ಯಾವೆರಡನ್ನು ಗುಣಿಸಿದರೂ ಇದೇ ಗುಂಪಿನ ಸಂಖ್ಯೆ ಬರುತ್ತದೆ: 5×9 = 45, ನಾಲ್ಕರಿಂದ ಭಾಗಿಸಿದರೆ ಶೇಷ 1. ಈ ಲೋಕದಲ್ಲಿ 9ನ್ನು ಬಿಡಿಸಲು ಬರುವುದಿಲ್ಲ, ಯಾಕೆಂದರೆ 3 ಇಲ್ಲಿಲ್ಲ. 21ನ್ನೂ ಬಿಡಿಸಲಾಗದು, 49ನ್ನೂ ಬಿಡಿಸಲಾಗದು. ಈಗ 441 ನೋಡಿ. 441 = 21×21. ಅದೇ 441 = 9×49. ಒಂದೇ ಸಂಖ್ಯೆ, ಎರಡು ರೀತಿಯ ಬಿಡಿಕೆ, ಎರಡರಲ್ಲೂ ಇನ್ನು ಒಡೆಯದ ತುಂಡುಗಳು. ನಮ್ಮ ನಡುವಿನ ಸಾಲಿಗೆ ಏನಾಯಿತು? 21ರ ವರ್ಗವನ್ನು 9 ಭಾಗಿಸುತ್ತದೆ. 21ನ್ನು 9 ಭಾಗಿಸುವುದಿಲ್ಲ. ಒಡೆಯದ ಸಂಖ್ಯೆಯೇ ಆದರೂ 9 ಇಲ್ಲಿ ಕೈಕೊಟ್ಟಿತು.

ಹಾಗಾದರೆ ನಮ್ಮ ಎಂದಿನ ಪೂರ್ಣಾಂಕಗಳಲ್ಲಿ ಇದು ಕೈಕೊಡುವುದಿಲ್ಲ ಎಂದು ಹೇಗೆ ಗೊತ್ತು? ‘ಮೂಲಭೂತ ಪ್ರಮೇಯ ಇದೆಯಲ್ಲ ಸರ್.’ ಆ ಪ್ರಮೇಯವನ್ನು ಹೇಗೆ ಸಾಧಿಸುತ್ತೀರಿ? ವಾಡಿಕೆಯ ಸಾಧನೆ ತೆರೆದು ನೋಡಿದರೆ, ಬಿಡಿಕೆ ಒಂದೇ ಎಂದು ತೋರಿಸಲು ಬಳಸುವುದು ‘ಅವಿಭಾಜ್ಯವೊಂದು ಗುಣಲಬ್ಧವನ್ನು ಭಾಗಿಸಿದರೆ ಅದರ ಅಪವರ್ತನಗಳಲ್ಲಿ ಒಂದನ್ನಾದರೂ ಭಾಗಿಸುತ್ತದೆ’ ಎಂಬುದನ್ನೇ. ಅಂದರೆ ನಮ್ಮ ನಡುವಿನ ಸಾಲನ್ನೇ! ಇದಕ್ಕೆ ಅದು ಆಧಾರ, ಅದಕ್ಕೆ ಇದು ಆಧಾರ ಎಂದು ಸುತ್ತುತ್ತಿದ್ದರೆ ಏನನ್ನೂ ಸಾಧಿಸಿದ ಹಾಗಾಗಲಿಲ್ಲ. ಪ್ರತಿ ಸಾಲಿಗೂ ಕಾರಣ ಕೊಟ್ಟ ಸಾಧನೆಯಲ್ಲಿಯೂ ಈ ಸುತ್ತು ಅಡಗಿರಬಹುದು. ಕಾರಣವಾಗಿ ಕೊಟ್ಟ ಪ್ರಮೇಯ ಯಾವುದರ ಮೇಲೆ ನಿಂತಿದೆ ಎಂದು ಇನ್ನೊಂದು ಹೆಜ್ಜೆ ಕೆಳಗಿಳಿದು ಕೇಳಿದಾಗಷ್ಟೇ ಅದು ಸಿಕ್ಕಿಬೀಳುವುದು.

ಸುತ್ತನ್ನು ಕಡಿಯುವ ದಾರಿ ಯೂಕ್ಲಿಡ್‌ನ ಭಾಗಾಕಾರದಲ್ಲಿದೆ. 7 ಮತ್ತು 5 ತೆಗೆದುಕೊಳ್ಳಿ. ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ 1. ಆ ಒಂದನ್ನು ಇವೆರಡರಿಂದಲೇ ಕಟ್ಟಬಹುದು: 3×5 − 2×7 = 1. ಎರಡೂ ಕಡೆ b ಎಂಬ ಯಾವುದೇ ಪೂರ್ಣಾಂಕದಿಂದ ಗುಣಿಸಿ: 3×5b − 2×7b = b. ಈಗ 5bಯನ್ನು 7 ಭಾಗಿಸುತ್ತದೆ ಎಂದಾದರೆ ಎಡಗಡೆಯ ಎರಡು ತುಂಡುಗಳನ್ನೂ 7 ಭಾಗಿಸುತ್ತದೆ, ಆದ್ದರಿಂದ ಬಲಗಡೆಯ bಯನ್ನೂ ಭಾಗಿಸುತ್ತದೆ. ಇಲ್ಲಿ 5ರ ಜಾಗದಲ್ಲಿ 7ರಿಂದ ಭಾಗವಾಗದ ಯಾವ ಸಂಖ್ಯೆಯನ್ನಾದರೂ ಇಡಬಹುದು. 7 ಅವಿಭಾಜ್ಯ, ಅದರ ಭಾಜಕಗಳು 1 ಮತ್ತು 7 ಮಾತ್ರ, ಆದ್ದರಿಂದ ಸಾಮಾನ್ಯ ಅಪವರ್ತನ 1 ಆಗಲೇಬೇಕು. ‘ಅವಿಭಾಜ್ಯ’ ಬಳಕೆಯಾದದ್ದು ಸರಿಯಾಗಿ ಆ ಒಂದು ಜಾಗದಲ್ಲಿ. ಇಲ್ಲಿ ಎಲ್ಲಿಯೂ ಮೂಲಭೂತ ಪ್ರಮೇಯದ ಹೆಸರಿಲ್ಲ.

ಇದೇ ವಾದ ಹಿಲ್ಬರ್ಟ್‌ನ ಲೋಕದಲ್ಲಿ ಯಾಕೆ ನಡೆಯಲಿಲ್ಲ? ಈ ಪ್ರಶ್ನೆಯ ಉತ್ತರ ನನಗೆ ಬಹಳ ಇಷ್ಟ. ಅಲ್ಲಿ ಗುಣಾಕಾರವಿದೆ, ಕೂಡು ಕಳೆ ಇಲ್ಲ. 5 ಮತ್ತು 9 ಆ ಲೋಕದವು, ಕೂಡಿದರೆ 14, ಕಳೆದರೆ 4, ಎರಡೂ ಆ ಲೋಕದಲ್ಲಿಲ್ಲ. 3×5 − 2×7 ಎಂಬಂಥ ಸಾಲನ್ನು ಅಲ್ಲಿ ಬರೆಯುವುದಕ್ಕೇ ಆಗದು. ಬರೀ ಗುಣಾಕಾರ, ಭಾಗಾಕಾರದ ಮಾತಿನಂತೆ ಕಾಣುವ ಸಂಗತಿಯೊಂದು ಸಂಕಲನದ ಬಲದಿಂದ ನಿಂತಿದೆ ಅನ್ನುವುದು, ಷರತ್ತು ಎಲ್ಲಿ ಬಳಕೆಯಾಯಿತು ಎಂದು ಬೆನ್ನು ಹತ್ತದೆ ತಿಳಿಯುವುದಿಲ್ಲ.

ಈಗ ಪ್ಯಾರಿಸ್. 1847ರ ಮಾರ್ಚ್ 1, ಅಲ್ಲಿನ ವಿಜ್ಞಾನ ಅಕಾಡೆಮಿಯ ಸಭೆ. ಗೇಬ್ರಿಯಲ್ ಲಾಮೆ ಎದ್ದು ನಿಂತು ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದ್ದೇನೆ ಎಂದು ಸಾರಿದ. n ಎರಡಕ್ಕಿಂತ ದೊಡ್ಡದಾದರೆ xⁿ + yⁿ = zⁿ ಆಗುವಂಥ ಧನ ಪೂರ್ಣಾಂಕಗಳಿಲ್ಲ ಅನ್ನುವ, ಇನ್ನೂರು ವರ್ಷದಿಂದ ಯಾರ ಕೈಗೂ ಸಿಗದ ಹೇಳಿಕೆ ಅದು. ಲಾಮೆ ಸಾಮಾನ್ಯನಲ್ಲ; n = 7 ಆದಾಗ ಪ್ರಮೇಯ ನಿಜವೆಂದು 1839ರಲ್ಲೇ ಸಾಧಿಸಿದ್ದವನು. ಅವನ ಉಪಾಯ ಹೀಗಿತ್ತು: ಸಂಕೀರ್ಣ ಸಂಖ್ಯೆಗಳನ್ನು ಬಳಸಿದರೆ xⁿ + yⁿ ಅನ್ನು n ಅಪವರ್ತನಗಳಾಗಿ ಒಡೆಯಬಹುದು. ಆ ಅಪವರ್ತನಗಳಲ್ಲಿ ಯಾವೆರಡಕ್ಕೂ ಸಾಮಾನ್ಯವಾದದ್ದು ಏನೂ ಇಲ್ಲದಿದ್ದರೆ, ಅವೆಲ್ಲದರ ಗುಣಲಬ್ಧ ಒಂದು n-ನೇ ಘಾತವಾಗಿರುವುದರಿಂದ ಒಂದೊಂದೂ n-ನೇ ಘಾತವೇ ಆಗಿರಬೇಕು. ಅಲ್ಲಿಂದ ಮುಂದೆ ಸಂಖ್ಯೆಗಳನ್ನು ಕೊನೆಯಿಲ್ಲದೆ ಇಳಿಸುತ್ತ ಹೋಗಿ ವಿರೋಧ ತರುವುದು.

ಲಾಮೆ ಕೂತ ಮೇಲೆ ಜೋಸೆಫ್ ಲಿಯೋವಿಲ್ ಎದ್ದ. ಈ ಉಪಾಯದ ಮೂಲ ಆಲೋಚನೆ ಲಿಯೋವಿಲ್‌ನದೇ ಎಂದು ಲಾಮೆ ಆಗಷ್ಟೇ ಸಭೆಗೆ ಹೇಳಿದ್ದ. ಲಿಯೋವಿಲ್ ಆ ಗೌರವವನ್ನು ತೆಗೆದುಕೊಳ್ಳಲಿಲ್ಲ. ಅವನು ಬೆರಳಿಟ್ಟದ್ದು ‘ಒಂದೊಂದೂ n-ನೇ ಘಾತ’ ಅನ್ನುವ ಸಾಲಿನ ಮೇಲೆ. ಎಂದಿನ ಪೂರ್ಣಾಂಕಗಳಲ್ಲಿ ಆ ಸಾಲು ಸರಿ: 36 ಒಂದು ವರ್ಗ, 36 = 4×9, ನಾಲ್ಕಕ್ಕೂ ಒಂಬತ್ತಕ್ಕೂ ಸಾಮಾನ್ಯವಾದದ್ದಿಲ್ಲ, ಎರಡೂ ವರ್ಗಗಳೇ. ಆದರೆ ಅದು ಸರಿಯಾಗುವುದು ಬಿಡಿಕೆ ಒಂದೇ ಆಗಿರುವುದರಿಂದ. ಈ ಹೊಸ ಸಂಕೀರ್ಣ ಸಂಖ್ಯೆಗಳಲ್ಲೂ ಬಿಡಿಕೆ ಒಂದೇ ಎಂದು ಯಾರು ತೋರಿಸಿದ್ದಾರೆ?

ಹಿಲ್ಬರ್ಟ್‌ನ ಲೋಕಕ್ಕೆ ಹೋದರೆ ಆ ಪ್ರಶ್ನೆಯ ತೂಕ ತಿಳಿಯುತ್ತದೆ. 441 ಅಲ್ಲಿ 21ರ ವರ್ಗ. 441 = 9×49, ಒಂಬತ್ತಕ್ಕೂ ನಲವತ್ತೊಂಬತ್ತಕ್ಕೂ 1ನ್ನು ಬಿಟ್ಟು ಸಾಮಾನ್ಯ ಭಾಜಕವಿಲ್ಲ. ಆದರೂ ಅಲ್ಲಿ 9 ಯಾವುದರ ವರ್ಗವೂ ಅಲ್ಲ, ಯಾಕೆಂದರೆ 3 ಅಲ್ಲಿಲ್ಲ. ಲಾಮೆಯ ಸಾಲು ಅಲ್ಲಿ ಸುಳ್ಳು.

ಮುಂದಿನ ವಾರಗಳಲ್ಲಿ ಲಾಮೆಯೂ ಕೋಶಿಯೂ ಆ ಬಿರುಕು ಮುಚ್ಚಲು ಒದ್ದಾಡಿದರು. ಇಬ್ಬರೂ ಅಕಾಡೆಮಿಯಲ್ಲಿ ಮೊಹರು ಮಾಡಿದ ಲಕೋಟೆಗಳನ್ನು ಇಟ್ಟರು, ಮೊದಲು ತಾನೇ ಅನ್ನಿಸಿಕೊಳ್ಳುವ ಆಸೆಗೆ. ಮೇ 24ರಂದು ಲಿಯೋವಿಲ್ ಒಂದು ಪತ್ರ ಓದಿದ. ಬರೆದವನು ಅರ್ನ್ಸ್ಟ್ ಕುಮ್ಮರ್. ಆ ಸಂಖ್ಯೆಗಳಲ್ಲಿ ಬಿಡಿಕೆ ಒಂದೇ ಆಗಿರುವುದಿಲ್ಲ ಎಂದು ತಾನು 1844ರಲ್ಲೇ ತೋರಿಸಿದ್ದೇನೆ ಎಂದು ಅವನು ತಿಳಿಸಿದ್ದ. ಅವಿಭಾಜ್ಯ ಘಾತಗಳಲ್ಲಿ ಅದು ಮೊದಲು ಮುರಿಯುವುದು n = 23 ಆದಾಗ. ಚಿಕ್ಕ ಸಂಖ್ಯೆಗಳಲ್ಲಿ ಪರೀಕ್ಷೆ ಮಾಡಿ ನೋಡಿದವರಿಗೆ 3, 5, 7, 11, 13, 17, 19 ಎಲ್ಲದರಲ್ಲೂ ಸರಿಯಾಗಿಯೇ ಕಂಡಿರುತ್ತಿತ್ತು.

ಕುಮ್ಮರ್ ಬಿರುಕು ತೋರಿಸಿ ಸುಮ್ಮನಾಗಲಿಲ್ಲ. ಕಾಣೆಯಾದ ಅಪವರ್ತನಗಳ ಜಾಗಕ್ಕೆ ‘ಆದರ್ಶ ಸಂಖ್ಯೆ’ಗಳನ್ನು ತಂದು ಕೂರಿಸಿದ. ಹಿಲ್ಬರ್ಟ್‌ನ ಲೋಕದಲ್ಲಿ ಅದು ಹೇಗೆ ಕಾಣುತ್ತದೆ ಗೊತ್ತೇ? ಹೊರಗಿಟ್ಟಿದ್ದ 3 ಮತ್ತು 7ನ್ನು ಒಳಗೆ ಕರೆದರೆ 9 = 3×3, 49 = 7×7, 21 = 3×7. ಬೇರೆ ಬೇರೆಯಾಗಿ ಕಂಡ ಎರಡು ಬಿಡಿಕೆಗಳೂ 3×3×7×7 ಎಂಬ ಒಂದೇ ಬಿಡಿಕೆಯಾಗಿಬಿಡುತ್ತವೆ. ಈ ದಾರಿಯಿಂದ ಕುಮ್ಮರ್ ಬಹಳಷ್ಟು ಅವಿಭಾಜ್ಯ ಘಾತಗಳಿಗೆ ಫರ್ಮಾನ ಪ್ರಮೇಯವನ್ನು ನಿಜವಾಗಿಯೇ ಸಾಧಿಸಿದ. ನೂರರೊಳಗೆ ಅವನ ವಿಧಾನದಿಂದ ತಪ್ಪಿಸಿಕೊಂಡವು 37, 59, 67 ಮಾತ್ರ. ಸ್ವಾರಸ್ಯವೆಂದರೆ 23ರಲ್ಲಿ ಬಿಡಿಕೆ ಒಂದೇ ಅಲ್ಲ, ಆದರೂ 23ಕ್ಕೆ ಅವನ ಸಾಧನೆ ನಡೆಯುತ್ತದೆ. ನಮ್ಮ ಆರರ ಹಾಗೆಯೇ: ಲಾಮೆ ಇಟ್ಟುಕೊಂಡ ಷರತ್ತು ಬೇಕಾದ್ದಕ್ಕಿಂತ ದೊಡ್ಡದಾಗಿತ್ತು, ಅದಕ್ಕಿಂತ ಕಡಿಮೆಯದರಲ್ಲೂ ಕೆಲಸ ಸಾಗುತ್ತಿತ್ತು.

ಸಭೆಯಲ್ಲಿ ಎದ್ದು ಕೇಳಿದ ಪ್ರಶ್ನೆಯಿಂದಲೇ ಎಲ್ಲ ಬಿರುಕೂ ಸಿಗುತ್ತದೆ ಅಂತಲೂ ಅಲ್ಲ. ಅದೇ ಪ್ರಮೇಯವನ್ನು ಸಾಧಿಸಿದ್ದಾಗಿ ಆಂಡ್ರೂ ವೈಲ್ಸ್ 1993ರ ಜೂನ್ 23ರಂದು ಕೇಂಬ್ರಿಜ್‌ನ ಉಪನ್ಯಾಸದಲ್ಲಿ ಹೇಳಿದಾಗ ಸಭೆ ತುಂಬ ತಜ್ಞರೇ ಇದ್ದರು. ಅದಕ್ಕೂ ಮೊದಲು ಪ್ರಿನ್ಸ್‌ಟನ್‌ನಲ್ಲಿ ನಿಕ್ ಕಾಟ್ಜ್ ತಿಂಗಳುಗಟ್ಟಲೆ ಕೂತು ವೈಲ್ಸ್ ವಿವರಿಸಿದ ವಾದವನ್ನು ಕೇಳಿದ್ದರು. ಆಗ ಬಿರುಕು ಕಾಣಲಿಲ್ಲ. ಹಸ್ತಪ್ರತಿ ಕೈಗೆ ಬಂದು, ಪರಿಶೀಲಕರಾಗಿ ಒಂದೊಂದೇ ಸಾಲಿಗೆ ‘ಇದು ಹೇಗೆ ಬಂತು’ ಎಂದು ಇ-ಮೇಲ್ ಬರೆಯತೊಡಗಿದಾಗ, ಒಂದು ಪ್ರಶ್ನೆಗೆ ಬಂದ ಉತ್ತರ ಸಾಲದೆ ಹೋಯಿತು. ಅದನ್ನು ಸರಿಪಡಿಸಲು ವೈಲ್ಸ್‌ಗೆ 1994ರ ಸೆಪ್ಟೆಂಬರ್‌ವರೆಗೆ ಹಿಡಿಯಿತು, ರಿಚರ್ಡ್ ಟೇಲರ್‌ರ ಜೊತೆ ಬೇಕಾಯಿತು. ಮಾತಿನಲ್ಲಿ ಹೇಳುವಾಗ ದನಿಯ ಓಟವೇ ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಿಸಿಬಿಡುತ್ತದೆ. ಆದ್ದರಿಂದ ಸೆಮಿನಾರಿನಲ್ಲಿ ಸಾಲುಗಳಿಗೆ ಬೋರ್ಡಿನ ಮೇಲೆ ನಂಬರು ಹಾಕಿಸುವುದು ಒಳ್ಳೆಯದು. ಬೋರ್ಡಿನ ಒಂದು ಪಕ್ಕದಲ್ಲಿ ಷರತ್ತುಗಳನ್ನು ಬರೆಸಿ, ಪ್ರತಿ ಷರತ್ತಿನ ಎದುರು ಅದು ಬಳಕೆಯಾದ ಸಾಲಿನ ನಂಬರು ಬರೆಸಿ. ನಂಬರೇ ಸಿಗದ ಷರತ್ತು ಉಳಿದರೆ ಒಂದೋ ಅದು ಬೇಕಿರಲಿಲ್ಲ, ಇಲ್ಲವೇ ಹೇಳದೆ ಎಲ್ಲೋ ಬಳಸಿದ್ದಾರೆ. ‘ಸ್ಪಷ್ಟವಾಗಿ’, ‘ಸುಲಭವಾಗಿ ಕಾಣುವಂತೆ’ ಎಂದು ಶುರುವಾಗುವ ಸಾಲುಗಳಿಂದಲೇ ಹುಡುಕಲು ಹೊರಡಿ.

ಎಂಟು ಮತ್ತು ಹನ್ನೆರಡರ ಬಾಕಿಯೊಂದು ಉಳಿದಿದೆ. √8, √12 ಅಭಾಗಲಬ್ಧ ಅನ್ನುವುದು ನಿಜ, ಆದರೆ ನಮ್ಮ ಸಾಧನೆ ಅಲ್ಲಿ ಬಿದ್ದಿತ್ತು. √2ರ ನೆರವಿಲ್ಲದೆ ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಸಾಧನೆ ಇದೆಯೇ? p² = 8q² ಎಂದು ಬರೆದು ಎರಡೂ ಕಡೆ 2 ಎಷ್ಟು ಸಲ ಅಪವರ್ತನವಾಗಿ ಬರುತ್ತದೆ ಎಂದು ಎಣಿಸಿ. p ಒಂದು ವರ್ಗದಲ್ಲಿದೆ, ಆದ್ದರಿಂದ ಎಡಗಡೆ ಸಮಸಂಖ್ಯೆಯಷ್ಟು ಸಲ. ಬಲಗಡೆ q²ನಿಂದ ಸಮಸಂಖ್ಯೆಯಷ್ಟು, 8ರಿಂದ ಇನ್ನು ಮೂರು ಸಲ, ಒಟ್ಟು ಬೆಸ. ಬಿಡಿಕೆ ಒಂದೇ ಆಗಿರುವುದರಿಂದ ಎರಡೂ ಎಣಿಕೆ ಸಮನಾಗಬೇಕು, ಆಗುತ್ತಿಲ್ಲ. ಮುಗಿಯಿತು. 12ರಲ್ಲಿ 3 ಎಷ್ಟು ಸಲ ಎಂದು ಎಣಿಸಿದರೆ ಇದೇ ವಾದ ನಡೆಯುತ್ತದೆ, 2ರಲ್ಲಿಯೂ 6ರಲ್ಲಿಯೂ ನಡೆಯುತ್ತದೆ. ನಾಲ್ಕಕ್ಕೆ ಬಂದರೆ ಬಲಗಡೆ ಸಮದ ಜೊತೆ ಇನ್ನೆರಡು ಸೇರಿ ಸಮವೇ ಉಳಿಯುತ್ತದೆ, ವಿರೋಧ ಹುಟ್ಟುವುದೇ ಇಲ್ಲ.

ಈ ಹೊಸ ಸಾಧನೆಯಲ್ಲಿ p ಮತ್ತು q ಸಹ ಅವಿಭಾಜ್ಯ ಎಂಬ ಷರತ್ತನ್ನು ಎಲ್ಲಿ ಬಳಸಿದೆವು? ಸಾಲುಗಳನ್ನು ಮತ್ತೊಮ್ಮೆ ನೋಡಿ. ಎಲ್ಲಿಯೂ ಇಲ್ಲ.